ನಮ್ಮ ತೋಟದಲ್ಲಿ 4 ಮಿಲಿಮೀಟರ್ ಮಳೆ ಬರೋದೇ ಇಲ್ವಾ? (ಹಿಸ್ಟೋಗ್ರಾಂ ಪ್ರಶ್ನೆ)

ಗಾಳಿಬೀಡು_ಕಾಫಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಇಂಚು, ಸೆಂಟು ಲೆಕ್ಕದಲ್ಲಿ, ನೂರು ಸೆಂಟಿಗೆ ಒಂದು ಇಂಚು. ಈ ಸಲ ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೆಲ್ಲ ಕೂತು ಹತ್ತು ವರ್ಷದ ಜುಲೈ ತಿಂಗಳನ್ನು ಕಂಪ್ಯೂಟರ್‌ಗೆ ಹಾಕಿದೆ. ಒಟ್ಟು 310 ದಿನ. 22 ದಿನ ಮಳೆ ಇಲ್ಲ. ಉಳಿದದ್ದು 288 ದಿನ.

ಸೆಂಟನ್ನು 0.254ರಿಂದ ಗುಣಿಸಿ ಮಿಲಿಮೀಟರ್ ಮಾಡಿದೆ. ಯಾವ ತರದ ಮಳೆ ಎಷ್ಟು ದಿನ ಬರುತ್ತೆ ಅಂತ ನೋಡೋಣ ಅಂದುಕೊಂಡು 1 ಮಿ.ಮೀ. ಅಗಲದ ಬಿನ್ ಇಟ್ಟು ಹಿಸ್ಟೋಗ್ರಾಂ ಹಾಕಿದೆ. ವಿಚಿತ್ರ ಏನಪ್ಪಾ ಅಂದ್ರೆ, 4ರಿಂದ 5 ಮಿ.ಮೀ. ಮಳೆ ಬಂದ ದಿನ ಒಂದೂ ಇಲ್ಲ. 9ರಿಂದ 10ರ ನಡುವೆಯೂ ಇಲ್ಲ. 14–15, 18–19, ಅಲ್ಲೂ ಖಾಲಿ. ಅಕ್ಕಪಕ್ಕದಲ್ಲಿ ಮಾತ್ರ ಕಂಬಗಳಿವೆ. ಹಲ್ಲು ಉದುರಿದ ಬಾಚಣಿಗೆ ತರ ಕಾಣ್ತಿದೆ. ಹತ್ತು ಜುಲೈಯಲ್ಲಿ ಒಂದು ದಿನವೂ 4 ಮಿ.ಮೀ. ಮಳೆ ಬಂದಿಲ್ಲ ಅಂದ್ರೆ ನಂಬೋದು ಹೇಗೆ?

ಕರಿಮೆಣಸು_ಬಳ್ಳಿ

ಗೇಜು ಎಲ್ಲಿ ಇಟ್ಟಿದ್ದೀರಿ ಮಾರಾಯ್ರೇ? ಸಿಲ್ವರ್ ಓಕ್ ಅಡಿಯಲ್ಲಿ ಇಟ್ಟಿದ್ದರೆ ಸಣ್ಣ ಮಳೆಯೆಲ್ಲ ಎಲೆಯಲ್ಲೇ ನಿಂತುಬಿಡುತ್ತೆ. ನಮ್ಮ ಹಳೇ ಗೇಜಿಗೆ ತಳದಲ್ಲಿ ಸಣ್ಣ ತೂತು ಬಿದ್ದು ಎರಡು ವರ್ಷ ಯಾರಿಗೂ ಗೊತ್ತೇ ಆಗಿರಲಿಲ್ಲ. ಅಂಗಳದ ಮಧ್ಯೆ, ಮರ ಗೋಡೆ ಯಾವುದೂ ಅಡ್ಡ ಬಾರದ ಕಡೆ ಇಡಿ. ಹೂಮಳೆ ಸಮಯದಲ್ಲಿ ಇದು ಬಹಳ ಮುಖ್ಯ. ಅರ್ಧ ಇಂಚು ಬಂತೋ ಒಂದು ಇಂಚು ಬಂತೋ ಅಂತ ತಪ್ಪಾಗಿ ತಿಳಿದರೆ ಸ್ಪ್ರಿಂಕ್ಲರ್ ಲೆಕ್ಕವೇ ತಪ್ಪುತ್ತೆ.

ಗಾಳಿಬೀಡು_ಕಾಫಿ

ಗೇಜು ಅಂಗಳದಲ್ಲೇ ಇದೆ ಅಂಕಲ್, ತೂತು ಇಲ್ಲ. ಅದೂ ಅಲ್ಲದೆ 3 ಮಿ.ಮೀ. ಮಳೆ ಸಿಗುತ್ತೆ, 5 ಸಿಗುತ್ತೆ. ನಡುವಿನದ್ದು ಮಾತ್ರ ಕಾಣೆ. ತೂತು ಆರಿಸಿ ಸೋರೋದಿಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು

ಇದರಲ್ಲಿ ವಿಚಿತ್ರ ಏನೂ ಇಲ್ಲ. 288 ಅಂಕಿಗೆ 1 ಮಿ.ಮೀ. ವರ್ಗಾಂತರ ಬಹಳ ಸಣ್ಣದಾಯಿತು. ನಿಮ್ಮ ಜಾಸ್ತಿ ಮಳೆ ಎಷ್ಟು, 150 ಮಿ.ಮೀ. ಇರಬಹುದಾ? ಹಾಗಾದರೆ 150 ಕಂಬ, 288 ದಿನ. ಕಂಬಕ್ಕೆ ಸರಾಸರಿ ಎರಡೂ ಇಲ್ಲ. ಕೆಲವು ಖಾಲಿ ಉಳಿಯಲೇಬೇಕು.

ಸ್ಟರ್ಜಸ್ ಸೂತ್ರ ಹಾಕಿ: ಕಂಬಗಳ ಸಂಖ್ಯೆ 1 + log2(n). 288ಕ್ಕೆ 9.17 ಬರುತ್ತೆ, 10 ಅಂತ ಇಟ್ಟುಕೊಳ್ಳಿ. 15 ಮಿ.ಮೀ. ಅಗಲ ಸಾಕು. ನಾನು ಮಕ್ಕಳಿಗೆ ಹೇಳೋದೂ ಇಷ್ಟೇ, ಹತ್ತು ವರ್ಗಾಂತರ ಮಾಡಿ ಅಂತ.

ಗಾಳಿಬೀಡು_ಕಾಫಿ

ಸಾರ್, ಎಕ್ಸೆಲ್‌ಗೆ ಸುಮ್ನೆ ಬಿಟ್ಟಾಗ ಅದೂ 15.3 ಅಗಲ ಇಟ್ಟಿತು. ಚೆನ್ನಾಗಿಯೇ ಕಾಣುತ್ತೆ. ಆದರೆ ಅದು ಚಂದ ಕಂಡಿದ್ದಕ್ಕೆ ತೃಪ್ತಿ ಇಲ್ಲ. ಬರಿ ಅಂಕಿ ಕಮ್ಮಿ ಅಂತ ಖಾಲಿ ಆಗಿದ್ದರೆ ಎಲ್ಲೆಂದರಲ್ಲಿ ಖಾಲಿ ಆಗಬೇಕಿತ್ತು. 2–3 ಮಿ.ಮೀ.ಯಲ್ಲಿ 6 ದಿನ, 3–4ರಲ್ಲಿ 7 ದಿನ ಇದೆ. ಅದರ ಪಕ್ಕದ್ದೇ ಸೊನ್ನೆ.

2 ಮಿ.ಮೀ. ಅಗಲ ಮಾಡಿ ನೋಡಿದೆ. ಈಗ ಖಾಲಿ ಇಲ್ಲ, ಆದರೆ ಗಿಡ್ಡ, ಉದ್ದ, ಗಿಡ್ಡ, ಉದ್ದ, ಗಿಡ್ಡ, ಉದ್ದ, ಮತ್ತೆ ಉದ್ದ, ಗಿಡ್ಡ... ಹೀಗೆ ಹೋಗ್ತಿದೆ.

ಹಟ್ಟಿಹೊಳೆ

ಮೇಷ್ಟ್ರು ಹೇಳಿದ್ದು ಅರ್ಧ ಸರಿ. ಬಿನ್ ಸಣ್ಣದಾಯಿತು ಅನ್ನೋದು ನಿಜ. ಆದರೆ ಈ ಖಾಲಿ ಜಾಗಕ್ಕೆ ಕಾರಣ ಅದಲ್ಲ. ಮೂರು ಸಾವಿರ ದಿನದ ಅಂಕಿ ತಂದರೂ ಆ ನಾಲ್ಕು ಕಡೆ ಖಾಲಿಯೇ ಇರುತ್ತೆ ಅಂತ ನನ್ನ ಗುಮಾನಿ.

ಮಿಲಿಮೀಟರ್ ಪಕ್ಕಕ್ಕೆ ಇಡಿ. ಅಪ್ಪ ಬರೆದ ಮೂಲ ಡೈರಿ ತೆಗೀರಿ. ಅದರಲ್ಲಿ 16, 17, 18, 19 ಸೆಂಟು ಅಂತ ಎಲ್ಲಾದರೂ ಇದೆಯಾ?

ಗಾಳಿಬೀಡು_ಕಾಫಿ

ಹುಡುಕಿದೆ ಅಕ್ಕ. ಒಂದೂ ಇಲ್ಲ. 15 ಇದೆ, 20 ಇದೆ. ಆಮೇಲೆ ಪೂರ್ತಿ ಪಟ್ಟಿ ನೋಡಿದೆ, 288ರಲ್ಲಿ ಎಲ್ಲವೂ 5ರಿಂದ ಭಾಗ ಹೋಗುತ್ತೆ. ಅಪ್ಪನನ್ನು ಕೇಳಿದ್ದಕ್ಕೆ, "ಜೋರು ಮಳೆಯಲ್ಲಿ ಛತ್ರಿ ಹಿಡಿದುಕೊಂಡು ಗ್ಲಾಸಿನ ಸಣ್ಣ ಗೀಟು ಯಾರು ನೋಡ್ತಾರೆ, ಉದ್ದ ಗೀಟು ನೋಡಿ ಬರೆಯೋದು" ಅಂದರು. ಅಳತೆ ಗ್ಲಾಸು 50 ಸೆಂಟಿನದ್ದು. ಐದೈದಕ್ಕೆ ಒಂದು ಉದ್ದ ಗೀಟಿದೆ.

ಹಟ್ಟಿಹೊಳೆ

ಹಾಗಾದರೆ ಕಳ್ಳ ಸಿಕ್ಕ. ಮಳೆ ಎಷ್ಟು ಬೇಕಾದರೂ ಬರಲಿ, ಡೈರಿಗೆ ಬರುವಾಗ 5 ಸೆಂಟಿನ ಮೆಟ್ಟಿಲ ಮೇಲೆ ನಿಂತೇ ಬರುತ್ತೆ. 5 ಸೆಂಟು ಅಂದರೆ 1.27 ಮಿ.ಮೀ. ಈಗ ಮೆಟ್ಟಿಲು ಎಣಿಸಿ: 1.27, 2.54, 3.81, 5.08. ನೋಡಿ, 3.81ರಿಂದ ನೇರ 5.08ಕ್ಕೆ ಹಾರಿತು. 4ರಿಂದ 5ರ ನಡುವೆ ಕಾಲಿಡಲು ಮೆಟ್ಟಿಲೇ ಇಲ್ಲ. ಮುಂದೆ 6.35, 7.62, 8.89, 10.16. ಅಲ್ಲಿ 9–10 ತಪ್ಪಿತು.

ನಿಮ್ಮ ಗಿಡ್ಡ–ಉದ್ದವೂ ಇದೇ. 2 ಮಿ.ಮೀ. ಅಗಲ ಮಾಡಿದಾಗ 0–2ರಲ್ಲಿ ಒಂದೇ ಮೆಟ್ಟಿಲು, 2–4ರಲ್ಲಿ ಎರಡು, 4–6ರಲ್ಲಿ ಒಂದು, 6–8ರಲ್ಲಿ ಎರಡು, 8–10ರಲ್ಲಿ ಒಂದು. 10–12ರಲ್ಲೂ 12–14ರಲ್ಲೂ ಎರಡೆರಡು. ಎರಡು ಮೆಟ್ಟಿಲು ಸಿಕ್ಕ ಕಂಬ ಉದ್ದ ಆಗಿದೆ, ಅಷ್ಟೇ. ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಬಿನ್ ಅಗಲ ಯಾವಾಗಲೂ ಅಳತೆಯ ಮೆಟ್ಟಿಲಿನ ಪೂರ್ಣ ಗುಣಕ ಆಗಿರಬೇಕು. ಎರಡು ಮೆಟ್ಟಿಲೋ, ಐದೋ, ಹತ್ತೋ, ಅದು ನಿಮ್ಮಿಷ್ಟ. ಒಂದೂವರೆ ಮಾತ್ರ ಬೇಡ.

ಎಕ್ಸೆಲ್ ಕೊಟ್ಟ 15.3ರಲ್ಲೂ ಇದೇ ರೋಗ ಇದೆ, ಕಣ್ಣಿಗೆ ಬೀಳೋದಿಲ್ಲ ಅಷ್ಟೇ. 15.3ರಲ್ಲಿ ಹನ್ನೆರಡು ಮೆಟ್ಟಿಲು ಹಿಡಿಯುತ್ತೆ, ಚೂರು ಜಾಸ್ತಿ. ಆಗಾಗ ಒಂದು ಕಂಬಕ್ಕೆ ಹದಿಮೂರು ಬಿದ್ದರೂ ಅಲ್ಲಿ ದೊಡ್ಡ ವ್ಯತ್ಯಾಸ ಆಗೋದಿಲ್ಲ. ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಹನ್ನೆರಡಕ್ಕೂ ಹದಿಮೂರಕ್ಕೂ ಇಲ್ಲ.

ಲೆಕ್ಕದ_ಮೇಷ್ಟ್ರು

ಒಪ್ಪಿದೆ ಮೇಡಂ, ಮೂಲ ಅಂಕಿ ನೋಡದೆ ಸೂತ್ರ ಹೇಳಿಬಿಟ್ಟೆ. ಹಾಗಾದರೆ ಮಿಲಿಮೀಟರಿನಲ್ಲೇ 12.7 ಅಗಲ ಇಟ್ಟರೆ ಆಯಿತಲ್ಲ? 0, 12.7, 25.4 ಹೀಗೆ. ಅದು ಸರಿಯಾಗಿ ಹತ್ತು ಮೆಟ್ಟಿಲು.

ಹಟ್ಟಿಹೊಳೆ

ಅಗಲ ಸರಿ ಸಾರ್, ಅಂಚು ಸರಿ ಇಲ್ಲ. 12.7 ಅನ್ನೋದು ಅಂಚೂ ಹೌದು, 50 ಸೆಂಟು ಬರೆದ ದಿನದ ಅಂಕಿಯೂ ಹೌದು. ಗೋಡೆ ಮೇಲೆ ಕೂತ ಬೆಕ್ಕು ಈ ಮನೆಯದ್ದೋ ಆ ಮನೆಯದ್ದೋ? ಅದರ ಮೇಲೆ 0.254ರಿಂದ ಗುಣಿಸಿದಾಗ ಕಂಪ್ಯೂಟರ್ ಒಳಗೆ ಅದು ಕೂದಲೆಳೆಯಷ್ಟು ಆಚೀಚೆ ಆಗಿರಬಹುದು. ಅದಕ್ಕೇ ಸೆಂಟಿನಲ್ಲೇ ಕೆಲಸ ಮಾಡಿ ಅಂತೀನಿ. ಬೇಕಿದ್ದರೆ ಕೊನೆಗೆ ಅಡ್ಡಗೆರೆಯ ಹೆಸರು ಮಾತ್ರ ಮಿಲಿಮೀಟರ್ ಮಾಡಿಕೊಳ್ಳಿ.

ಗಾಳಿಬೀಡು_ಕಾಫಿ

ಅಕ್ಕ, ಈ ಬೆಕ್ಕಿನ ಕಥೆ ನಮ್ಮನೇಲೇ ನಡೆಯಿತು. ನಾನು ಎಕ್ಸೆಲ್‌ನಲ್ಲಿ 50 ಸೆಂಟಿನ ಬಿನ್ ಹಾಕಿದೆ, ಅಂಚು 50, 100, 150 ಅಂತ. ಮೊದಲ ಮೂರು ಕಂಬ 67, 63, 50. ಮೈಸೂರಿನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗಳು ಅದೇ ಫೈಲು ತಗೊಂಡು ಪೈಥಾನ್‌ನಲ್ಲಿ ಹಾಕಿದಳು, ಅದೇ ಅಂಚು. ಅವಳಿಗೆ 53, 60, 55. ನನ್ನ ಚಿತ್ರದಲ್ಲಿ ಮೊದಲಿನಿಂದ ಇಳಿಜಾರು. ಅವಳದ್ದರಲ್ಲಿ ಏರಿ, ಗುಡ್ಡ ಆಗಿ, ಆಮೇಲೆ ಇಳಿಯುತ್ತೆ. "ಅಣ್ಣ, ನಿನ್ನ ಟೈಪಿಂಗ್ ತಪ್ಪು" ಅಂತಾಳೆ. ಅರ್ಧ ಗಂಟೆ ಫೋನಿನಲ್ಲಿ ಜಗಳ.

ಹಟ್ಟಿಹೊಳೆ

ಇಬ್ಬರದ್ದೂ ಟೈಪಿಂಗ್ ಸರಿ ಇದೆ. ಎಕ್ಸೆಲ್ ಅಂಚಿನ ಮೇಲಿನ ಅಂಕಿಯನ್ನು ಎಡಗಡೆ ಕಂಬಕ್ಕೆ ಹಾಕುತ್ತೆ, ಆರ್ ಅನ್ನೋ ಸಾಫ್ಟ್‌ವೇರ್ ಕೂಡ ಹಾಗೇ. ಪೈಥಾನ್‌ನ ನಂಪೈ ಬಲಗಡೆಗೆ ಹಾಕುತ್ತೆ, ಕೊನೆಯ ಅಂಚೊಂದು ಬಿಟ್ಟು. ಸರಿಯಾಗಿ 50, 100, 150 ಬರೆದ ದಿನ ಎಷ್ಟೆಷ್ಟು ಇದೆ ಎಣಿಸಿ ಹೇಳ್ತೀರಾ?

ಗಾಳಿಬೀಡು_ಕಾಫಿ

50 ಸೆಂಟು 14 ದಿನ. 100 ಸೆಂಟು 17 ದಿನ. 150 ಸೆಂಟು 12 ದಿನ. ಅಕ್ಕಪಕ್ಕದ 45, 55, 95, 105 ಎಲ್ಲ ಐದಾರರ ಮೇಲೆ ಹೋಗೋದಿಲ್ಲ.

ಹಟ್ಟಿಹೊಳೆ

ನಿರೀಕ್ಷಿಸಿದ್ದೇ. ಗ್ಲಾಸು 50 ಸೆಂಟಿನದ್ದು. ಜೋರು ಮಳೆ ಬಂದ ದಿನ ಒಂದು ಗ್ಲಾಸು ತುಂಬಿ ಚೆಲ್ಲಿ, ಇನ್ನೊಂದು ತುಂಬಿ ಚೆಲ್ಲಿ ಎಣಿಸೋದು. ಕೊನೆಯ ಗ್ಲಾಸು ಹೆಚ್ಚುಕಮ್ಮಿ ತುಂಬಿದ್ದರೆ "ತುಂಬಿತು" ಅಂತಲೇ ಬರೆಯೋದು. ಹೀಗಾಗಿ 5ರ ಮೆಟ್ಟಿಲಿನ ಮೇಲೆ 50ರ ಇನ್ನೊಂದು ದೊಡ್ಡ ಗುಪ್ಪೆ ಬಿದ್ದಿದೆ. ನೀವು ಅಂಚು ಇಟ್ಟದ್ದು ಸರಿಯಾಗಿ ಆ ಗುಪ್ಪೆಗಳ ಮೇಲೇ. ಮೊದಲ ಕಂಬದ 67ರಿಂದ ಆ 14 ದಿನ ತೆಗೆದರೆ 53, ತಂಗಿಯ ಅಂಕಿ ಬಂತು.

ಏನು ಮಾಡಬೇಕು ಅಂದರೆ, ಗುಪ್ಪೆ ಕಂಬದ ಮಧ್ಯಕ್ಕೆ ಬರುವ ಹಾಗೆ ಅಂಚು ಸರಿಸಿ. 27.5, 77.5, 127.5 ಹೀಗೆ. ಆಗ 50 ಬರೆದ ದಿನ ನಿಜವಾಗಿ 46 ಇದ್ದಿರಲಿ 54 ಇದ್ದಿರಲಿ, ಅದೇ ಕಂಬದಲ್ಲಿ ಉಳಿಯುತ್ತೆ. ಅರ್ಧ ಇರುವುದರಿಂದ ಯಾವ ಅಂಕಿಯೂ ಅಂಚಿನ ಮೇಲೆ ಕೂರೋದಿಲ್ಲ, ಯಾವ ಸಾಫ್ಟ್‌ವೇರ್ ಆದರೂ ಉತ್ತರ ಒಂದೇ. ಎಕ್ಸೆಲ್‌ನ ಹಿಸ್ಟೋಗ್ರಾಂ ಚಾರ್ಟ್ ಬಿಟ್ಟು, ಅಂಚುಗಳನ್ನು ಒಂದು ಕಾಲಮ್‌ನಲ್ಲಿ ಬರೆದು ಇದನ್ನು ಹಾಕಿ:

```
=FREQUENCY(B2:B289, D2:D14)
```

D2ರಲ್ಲಿ 27.5, ಆಮೇಲೆ 50 ಸೇರಿಸುತ್ತಾ D14ರಲ್ಲಿ 627.5 ಬರಬೇಕು. ತಂಗಿಗೆ ಆರ್ ಬರುತ್ತಾದರೆ:

```
e <- c(2.5, seq(27.5, 627.5, by = 50))
hist(sent, breaks = e)
```

50 ಯಾಕೆ ಅಂತ ಕೇಳೋದಾದರೆ: ಎಕ್ಸೆಲ್ ಬಳಸುವ ಸ್ಕಾಟ್ ನಿಯಮ ನಿಮ್ಮ ಅಂಕಿಗೆ ಸುಮಾರು 60 ಸೆಂಟು ಅನ್ನುತ್ತೆ, 15.3 ಮಿ.ಮೀ. ಅಂದರೆ ಅದೇ. ಫ್ರೀಡ್‌ಮನ್–ಡಯಾಕೊನಿಸ್ ನಿಯಮ ಸುಮಾರು 46 ಅನ್ನುತ್ತೆ. ಈ ನಿಯಮಗಳು ಯಾವ ಊರಿನ ಹತ್ತಿರ ಇಳಿಯಬೇಕು ಅಂತ ಹೇಳ್ತವೆ, ಯಾವ ಮನೆ ಅಂತ ಹೇಳೋದಿಲ್ಲ. ಅವಕ್ಕೆ ನಿಮ್ಮ ಗ್ಲಾಸು ಗೊತ್ತಿಲ್ಲ. ಆ ಸುತ್ತಿನಲ್ಲಿ ಗ್ಲಾಸಿಗೆ ಹೊಂದುವುದು 50.

ಕರಿಮೆಣಸು_ಬಳ್ಳಿ

2018ರ ಆಗಸ್ಟ್ ಹಾಕಿದ್ದರೆ ಗೊತ್ತಾಗ್ತಿತ್ತು ಮಳೆ ಅಂದರೆ ಏನು ಅಂತ. ಆಗ ಗುಡ್ಡವೇ ಜಾರಿ ಬಂತು. ಅದನ್ನು ಬಿಟ್ಟು ಏನು ಲೆಕ್ಕ?

ಹಟ್ಟಿಹೊಳೆ

ಅವರ ಪ್ರಶ್ನೆ ಜುಲೈಯದ್ದು ಅಣ್ಣ. ಆದರೆ ನೀವು ಹೇಳಿದ್ದರಲ್ಲಿ ಒಂದು ವಿಷಯ ಇದೆ. ಅಂಥ ಎರಡು ಮೂರು ದಿನ ಸೇರಿದರೆ ಸ್ಕಾಟ್ ನಿಯಮದ ಅಗಲ ತಾನಾಗಿ ಹಿಗ್ಗುತ್ತೆ, ಅದು ಸ್ಟ್ಯಾಂಡರ್ಡ್ ಡೀವಿಯೇಶನ್ ಮೇಲೆ ನಿಂತದ್ದು. ಆಗ ಸಾಮಾನ್ಯ ಮಳೆಯ ದಿನಗಳೆಲ್ಲ ಎರಡು ಮೂರು ದಪ್ಪ ಕಂಬದಲ್ಲಿ ಮುಚ್ಚಿಹೋಗುತ್ತವೆ. ಇನ್ನೊಂದು ನಿಯಮ ಮಧ್ಯದ ಅರ್ಧ ಅಂಕಿಗಳ ಹರವನ್ನು ಮಾತ್ರ ನೋಡುತ್ತೆ, ಅದು ಅಷ್ಟು ಬೇಗ ಕದಲೋದಿಲ್ಲ.

ಗಾಳಿಬೀಡು_ಕಾಫಿ

ಹಾಕಿದೆ. ಸೆಂಟಿನಲ್ಲಿ ಬಂದದ್ದು ಇದು:

5–25: 31 ದಿನ
30–75: 64
80–125: 58
130–175: 43
180–225: 30
230–275: 17
280–325: 22
330–375: 10
380–425: 6
430 ಮೇಲೆ: 7 (ಜಾಸ್ತಿ ಅಂದರೆ 615)

ತಂಗಿಗೂ ಇದೇ ಬಂತು. ಜಗಳ ಮುಗಿಯಿತು. ಆದರೆ ಅವಳ ಆರ್ ಚಿತ್ರದಲ್ಲಿ ಮೊದಲ ಕಂಬ ಎರಡನೆಯದರಷ್ಟೇ ಎತ್ತರ ಇದೆ, ನನ್ನದರಲ್ಲಿ ಅರ್ಧ. ಇದೇನು ಹೊಸ ತಮಾಷೆ?

ಲೆಕ್ಕದ_ಮೇಷ್ಟ್ರು

ಇದು ನನಗೆ ಬಿಡಿ. ನಿಮ್ಮ ಮೊದಲ ಕಂಬದ ಅಗಲ 25, ಉಳಿದವು 50. ಹಿಸ್ಟೋಗ್ರಾಂನಲ್ಲಿ ದಿನಗಳ ಲೆಕ್ಕ ಹೇಳೋದು ಕಂಬದ ವಿಸ್ತೀರ್ಣ, ಎತ್ತರ ಅಲ್ಲ. ಅರ್ಧ ಅಗಲದಲ್ಲಿ 31 ದಿನ ಇದ್ದರೆ ಪೂರ್ತಿ ಅಗಲಕ್ಕೆ 62ರ ಎತ್ತರ. ಅಗಲ ಬೇರೆ ಬೇರೆ ಇದ್ದಾಗ ಆರ್ ತಾನೇ ಭಾಗಿಸಿ ಹಾಕುತ್ತೆ. ಎಕ್ಸೆಲ್ ಕಾಲಮ್ ಚಾರ್ಟಿಗೆ ಅದು ಗೊತ್ತಾಗೋದಿಲ್ಲ, ನೀವೇ 31ರ ಜಾಗದಲ್ಲಿ 62 ಹಾಕಿ, ಕಂಬ ಸಪೂರ ಮಾಡಬೇಕು. ಪರೀಕ್ಷೆಯಲ್ಲಿ ಮಕ್ಕಳು ಜಾರೋದೂ ಇಲ್ಲೇ.

ಈಗ ಆಕಾರ ನೋಡಿ. 62, 64, 58, 43, 30. ನಿಮ್ಮ ಇಳಿಜಾರೂ ಅಲ್ಲ, ತಂಗಿಯ ಗುಡ್ಡವೂ ಅಲ್ಲ. ಒಂದೂಕಾಲು ಇಂಚಿನ ತನಕ ಹೆಚ್ಚುಕಮ್ಮಿ ಸಮತಟ್ಟು. ಅಲ್ಲಿಂದ ಇಳಿದು ಬಲಕ್ಕೆ ಉದ್ದ ಬಾಲ. ಆದರೆ ಬಾಲದಲ್ಲಿ 3 ಇಂಚಿನ ಹತ್ತಿರ 17, 22, 10 ಅಂತ ಒಂದು ಉಬ್ಬು! ಎರಡು ಶಿಖರ. ಎರಡು ತರದ ದಿನ ಬೆರೆತಿವೆ ಅನ್ನಿಸುತ್ತೆ. ಸಾಮಾನ್ಯ ಮುಂಗಾರು ದಿನ ಒಂದು, ವಾಯುಭಾರ ಕುಸಿತದ ಜೋರು ಮಳೆ ದಿನ ಇನ್ನೊಂದು.

ಹಟ್ಟಿಹೊಳೆ

ಆಗಬಹುದು. ಆದರೆ ಇಷ್ಟು ಬೇಗ ಶಿಖರ ಅನ್ನಬೇಡಿ ಸಾರ್. 20 ದಿನದ ಕಂಬ ಬರಿ ಅದೃಷ್ಟದಿಂದಲೇ ನಾಲ್ಕೈದು ದಿನ ಆಚೀಚೆ ಆಗುತ್ತೆ. ನೆರೆಯ ಎರಡು ಕಂಬವನ್ನೂ ಸೇರಿಸಿ ಸರಾಸರಿ ನೋಡಿದರೆ ಸುಮಾರು 16 ಇರಬೇಕಾದ ಕಡೆ 22 ಇದೆ. ಅಷ್ಟಕ್ಕೇ ಹುಬ್ಬೇರಿಸೋ ಅಗತ್ಯ ಇಲ್ಲ. ಕಾಫಿ, ಸರಿಯಾಗಿ 300 ಬರೆದ ದಿನ ಎಷ್ಟಿದೆ? ಯಾವ ವರ್ಷದ್ದು?

ಗಾಳಿಬೀಡು_ಕಾಫಿ

22ರಲ್ಲಿ 11 ದಿನ ಸರಿಯಾಗಿ 300. ಅದರಲ್ಲಿ 8 ಕೊನೆಯ ಮೂರು ವರ್ಷದ್ದು. ಆಗ ಅಪ್ಪನಿಗೆ ಮಂಡಿ ನೋವು, ತೋಟದ ರೈಟರ್ ಅಳೆಯುತ್ತಿದ್ದರು. ಅವರ ಬರಹದಲ್ಲಿ "3 ಇಂಚು", "4 ಇಂಚು" ಅಂತಲೇ ಇದೆ, ಸೆಂಟು ಇಲ್ಲ. ಸಣ್ಣ ಮಳೆಗೆ ಮಾತ್ರ ಸೆಂಟು ಬರೆದಿದ್ದಾರೆ.

ಆದರೆ ಗುಪ್ಪೆ ಮಧ್ಯದಲ್ಲೇ ಇದೆಯಲ್ಲ ಅಕ್ಕ, ನೀವು ಹೇಳಿದ ಹಾಗೆ?

ಹಟ್ಟಿಹೊಳೆ

ಅಪ್ಪನ ಗುಪ್ಪೆಗೆ ಅದು ಸಾಕು. ಅವರು ಗ್ಲಾಸಿಗೆ ಸರಿಮಾಡ್ತಾರೆ, 25 ಸೆಂಟಿಗಿಂತ ದೂರದಿಂದ ಎಳೆಯೋದಿಲ್ಲ. ರೈಟರ್ ಪೂರ್ತಿ ಇಂಚಿಗೆ ಸರಿಮಾಡಿದ್ದಾರೆ. 260 ಇದ್ದದ್ದೂ 3 ಇಂಚು, 340 ಇದ್ದದ್ದೂ 3 ಇಂಚು. ಅಂದರೆ ಎರಡೂ ಪಕ್ಕದ ಕಂಬದಿಂದ ದಿನಗಳನ್ನು ಕದ್ದು ನಡುವಿನದ್ದಕ್ಕೆ ತುಂಬಿದ ಹಾಗೆ. 17 ತಗ್ಗಿ 22 ಉಬ್ಬಿ 10 ತಗ್ಗಿದ್ದು ಅದೇ ನಮೂನೆ. ಮೂರನ್ನೂ ಸೇರಿಸಿದರೆ 49 ದಿನ, ಕಂಬಕ್ಕೆ 16 ಚಿಲ್ಲರೆ. 30 ಆದ ಮೇಲೆ 16, ಆಮೇಲೆ 6. ಬಾಲ ಸುಮ್ಮನೆ ಇಳಿಯುತ್ತೆ.

ಕೊನೆಯ ಮೂರು ವರ್ಷ ಬಿಟ್ಟು ಹಾಕಿ ನೋಡಿ.

ಗಾಳಿಬೀಡು_ಕಾಫಿ

ಏಳು ವರ್ಷಕ್ಕೆ ಆ ಮೂರು ಕಂಬ 14, 12, 8. ಉಬ್ಬು ಹೋಯಿತು!

ಲೆಕ್ಕದ_ಮೇಷ್ಟ್ರು

ಮೇಡಂ, ಇದರಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲ. ಆ ಮೂರು ವರ್ಷ ನಿಜವಾಗಿಯೂ ಜೋರು ಮಳೆ ದಿನ ಜಾಸ್ತಿ ಬಂದಿದ್ದರೆ? ಆ ವರ್ಷಗಳನ್ನು ತೆಗೆದಾಗ ರೈಟರ್ ಕೈಬರಹದ ಜೊತೆ ಆ ಮಳೆಯೂ ಹೋಗಿರುತ್ತೆ. ಅಂಕಿ ಕಮ್ಮಿ ಆದದ್ದಂತೂ ಇದ್ದೇ ಇದೆ.

ಹಟ್ಟಿಹೊಳೆ

ನ್ಯಾಯವಾದ ಮಾತು. ಈ ಡೈರಿಯೊಂದರಿಂದಲೇ ಅದನ್ನು ಬಿಡಿಸೋಕೆ ಆಗೋದಿಲ್ಲ. ಸದ್ಯಕ್ಕೆ ಎರಡೂವರೆ ಇಂಚಿನ ಮೇಲೆ ಬಿನ್ ಅಗಲ 100 ಸೆಂಟು ಮಾಡಿ, ಪೂರ್ತಿ ಇಂಚು ಮಧ್ಯಕ್ಕೆ ಬರುವ ಹಾಗೆ. ಅದಕ್ಕಿಂತ ಸಣ್ಣ ಆಕಾರ ಹೇಳುವಷ್ಟು ಮಾಹಿತಿ ಆ ಕಡೆ ಇಲ್ಲ. ಅದೇ ಮೂರು ವರ್ಷ ಪಕ್ಕದ ತೋಟದಲ್ಲಿ ಯಾರಾದರೂ ಸರಿಯಾಗಿ ಬರೆದಿದ್ದರೆ ಹೋಲಿಸಬಹುದು. ಕುಶಾಲನಗರ ಕಡೆಯದ್ದು ಬೇಡ, ಅಲ್ಲಿನ ಮಳೆಯೇ ಬೇರೆ.

ಕರಿಮೆಣಸು_ಬಳ್ಳಿ

ನಮ್ಮದು ನಿಮ್ಮಿಂದ ಎರಡು ಗುಡ್ಡದ ಆಚೆ. ಡೈರಿ ಎಲ್ಲ ಇದೆ, ಒಂದು ದಿನವೂ ಬಿಟ್ಟಿಲ್ಲ. ಬನ್ನಿ, ತಗೊಂಡು ಹೋಗಿ. ಆದರೆ ಮೊದಲೇ ಹೇಳ್ತೀನಿ, ನಾವು ಕಾಲು, ಅರ್ಧ, ಮುಕ್ಕಾಲು ಇಂಚು ಅಂತ ಬರೆಯೋದು. ಸೆಂಟು ಗಿಂಟು ನಮಗೆ ಆಗೋದಿಲ್ಲ.

ಹಟ್ಟಿಹೊಳೆ

3 ಇಂಚಿನ ಪ್ರಶ್ನೆಗೆ ಕಾಲು ಇಂಚು ಧಾರಾಳ ಸಾಕು ಅಣ್ಣ. ಗೇಜಿನ ತೂತು ಯಾವ ಎರಡು ವರ್ಷ ಇತ್ತು ಅಂತ ಮಾತ್ರ ನೆನಪು ಮಾಡಿಕೊಂಡಿರಿ.

ಗಾಳಿಬೀಡು_ಕಾಫಿ

ಭಾನುವಾರ ಬರ್ತೀನಿ ಅಂಕಲ್, ಮಳೆ ಬಿಟ್ಟರೆ.